3 ಮೀಟರಿಗೆ 12 ಸೆಂಟಿಮೀಟರ್: ನೆಟ್ಟಗೆ ಹೋಗದ ರೋಬೋಟ್‌ನ ದೋಷ ಹುಡುಕಿದ ಬಗೆ

ಪ್ರಯೋಗಾಲಯದ ಹೊರಗಿನ ಮೊಸಾಯಿಕ್ ನೆಲದ ಮೇಲೆ ಹುಡುಗರು ರೋಬೋಟನ್ನು ಬಿಟ್ಟು ತೋರಿಸಿದರು. ಗೆರೆಯ ಮೇಲೆ 3 ಮೀಟರ್ ಹೋಗಿ ನಿಲ್ಲಬೇಕಿತ್ತು. ನಿಂತಾಗ ಗೆರೆಯಿಂದ 12 ಸೆಂಟಿಮೀಟರ್ ಎಡಕ್ಕಿತ್ತು. ಎರಡು ವಾರದ ಹಿಂದೆ ಅದರಲ್ಲಿ ತಿರುವನ್ನು ಅಳೆಯುವ ಗೈರೋ ಸೆನ್ಸರ್ ಇರಲಿಲ್ಲವಂತೆ, ಆಗ ಹೆಚ್ಚುಕಡಿಮೆ ಅಷ್ಟೇ ದೂರ ಬಲಕ್ಕೆ ಹೋಗುತ್ತಿತ್ತಂತೆ. ಅದನ್ನು ಸರಿಪಡಿಸಲೆಂದೇ ಗೈರೋ ಕೂರಿಸಿದ್ದರು.

"ಸರ್, ಗೈರೋ ಉಲ್ಟಾ ಕೂತಿದೆ ಅಂದುಕೊಂಡು ಕೋಡಿನಲ್ಲಿ ಚಿಹ್ನೆ ಬದಲಾಯಿಸಿ ನೋಡಿದೆವು. ನಿಂತಲ್ಲೇ ಗಿರಗಿರ ಸುತ್ತಿತು" ಎಂದಳು ಒಬ್ಬಳು. ಗೈರೋ ಉಲ್ಟಾ ಕೂತಿರಲಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಚಿಹ್ನೆ ತಪ್ಪಿದ್ದರೆ ರೋಬೋಟ್ ತನ್ನ ತಪ್ಪನ್ನು ತಿದ್ದುವ ಬದಲು ಬೆಳೆಸುತ್ತಾ ಹೋಗುತ್ತದೆ. ಆಗ 12 ಸೆಂಟಿಮೀಟರಿಗೆ ನಿಲ್ಲುವ ಮಾತೇ ಇಲ್ಲ. ಇನ್ನೊಬ್ಬ ಎಡಚಕ್ರದ ವೇಗಕ್ಕೆ 1.01 ಗುಣಿಸಿ ನೋಡಿದ್ದ. ರೋಬೋಟ್ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಚುಕ್ಕಾಣಿ ಗೈರೋ ಕೈಯಲ್ಲಿದ್ದಾಗ ಚಕ್ರದ ಗುಣಕದಿಂದ ಹುಟ್ಟುವ ತಿರುವನ್ನು ಗೈರೋ ಅಳಿಸಿಬಿಡುತ್ತದೆ.

ರೋಬೋಟಿನ ವಿವರ ಇಷ್ಟು: ಎರಡು ಚಕ್ರಗಳಿಗೆ ಬೇರೆ ಬೇರೆ ಮೋಟಾರು, ಹಿಂದೆ ಒಂದು ಪುಟ್ಟ ಆಧಾರದ ಚಕ್ರ. ಚಕ್ರದ ವ್ಯಾಸ ಹೆಸರಿಗೆ 65 ಮಿಲಿಮೀಟರ್. ಎರಡು ಚಕ್ರಗಳ ನಡುವಿನ ಅಂತರ 150 ಮಿಲಿಮೀಟರ್. ಮೋಟಾರಿನ ಹಿಂಬದಿಯಲ್ಲಿರುವ, ಸುತ್ತು ಎಣಿಸುವ ಎನ್‌ಕೋಡರ್ ಮೋಟಾರಿನ ಒಂದು ಸುತ್ತಿಗೆ 11 ಪಲ್ಸ್ ಕೊಡುತ್ತದೆ, ಗೇರ್ ಅನುಪಾತ 1:34. ಕೋಡು ಒಂದೇ ಚಾನೆಲ್ಲಿನ ಏರುವ ಅಂಚನ್ನಷ್ಟೇ ಎಣಿಸುತ್ತಿತ್ತು, ಆದ್ದರಿಂದ ಚಕ್ರದ ಒಂದು ಸುತ್ತಿಗೆ 374 ಎಣಿಕೆ. ಗೈರೋ ಎಂಪಿಯು-6050, ನಿಯಂತ್ರಕ ಆರ್ಡುಯಿನೊ ಯುನೊ. ಕೋಡು ಎರಡೂ ಚಕ್ರಗಳ ಎಣಿಕೆಯನ್ನು ಸಮವಾಗಿ ಇಡುತ್ತದೆ. ಗೈರೋ ಚಾಲೂ ಇದ್ದರೆ, ಗೈರೋ ಹೇಳುವ ದಿಕ್ಕು ಸೊನ್ನೆಯಲ್ಲೇ ಇರುವಂತೆ ಅದರ ಮೇಲೆ ತಿದ್ದುಪಡಿ ಸೇರಿಸುತ್ತದೆ.

ಮೊದಲು ಸುಣ್ಣದ ದಾರ

ಕೋಡು ತೆರೆಯುವ ಮೊದಲು ನೆಲದ ಮೇಲೆ ನಂಬಬಹುದಾದ ಗೆರೆ ಬೇಕು. ಗಾರೆ ಕೆಲಸದವರು ಮಾಡುವಂತೆ ದಾರಕ್ಕೆ ಸುಣ್ಣದ ಪುಡಿ ಸವರಿ, ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ನೆಟ್ಟನೆಯ ಗೆರೆ ಬೀಳುತ್ತದೆ. ಟೈಲಿನ ಅಂಚನ್ನು ನಾನು ನಂಬುವುದಿಲ್ಲ. ಆ ಸಂದು ಚಕ್ರವನ್ನೂ ಎಳೆಯುತ್ತದೆ.

ರೋಬೋಟನ್ನು ಕಣ್ಣಳತೆಯಲ್ಲಿ ಇಡಬಾರದು. ಗೆರೆಗೆ ಅಡ್ಡಲಾಗಿ ಒಂದು ಮರದ ಪಟ್ಟಿ ಇಟ್ಟು, ಎರಡೂ ಚಕ್ರ ಅದಕ್ಕೆ ತಾಗುವಂತೆ ನಿಲ್ಲಿಸಬೇಕು. ಇಡುವಾಗಲೇ ರೋಬೋಟ್ 2.3 ಡಿಗ್ರಿ ಓರೆಯಾಗಿದ್ದರೆ ಸಾಕು, 3 ಮೀಟರಿನ ಕೊನೆಗೆ 12 ಸೆಂಟಿಮೀಟರ್ ತಪ್ಪುತ್ತದೆ. ಹಿಂದಿನ ಆಧಾರದ ಚಕ್ರವೂ ಇಂಥದ್ದೇ ತಪ್ಪು ಮಾಡುತ್ತದೆ. ಅದು ಅಡ್ಡ ತಿರುಗಿ ನಿಂತಿದ್ದರೆ ಹೊರಡುವಾಗ ಹಿಂಭಾಗವನ್ನು ಒಮ್ಮೆ ಪಕ್ಕಕ್ಕೆ ಒದೆಯುತ್ತದೆ. ಹಾಗಾಗಿ ರೋಬೋಟನ್ನು ಕೈಯಿಂದ ಒಂದು ಗೇಣು ಮುಂದಕ್ಕೆ ಎಳೆದು, ಆ ಚಕ್ರ ಹಿಂದಕ್ಕೆ ಹರಿದುಕೊಂಡ ಮೇಲೆ ಪಟ್ಟಿಗೆ ತಾಗಿಸಬೇಕು.

ಇಷ್ಟು ಮಾಡಿದರೂ ಒಂದು ಅನುಮಾನ ಉಳಿಯುತ್ತದೆ: ತಪ್ಪು ಹೊರಡುವಾಗ ಆದದ್ದೋ, ದಾರಿಯುದ್ದಕ್ಕೂ ಆಗುತ್ತಾ ಬಂದದ್ದೋ? ಇದಕ್ಕೆ ಅರ್ಧ ದಾರಿಯಲ್ಲಿ, 1.5 ಮೀಟರಿನಲ್ಲಿ, ಇನ್ನೊಂದು ಅಳತೆ ತೆಗೆದುಕೊಳ್ಳಿ. ಓರೆಯಾಗಿ ಹೊರಟ ರೋಬೋಟ್ ನೇರ ಗೆರೆಯಲ್ಲೇ ಹೋಗುತ್ತದೆ, ಅರ್ಧ ದಾರಿಯಲ್ಲಿ ಅರ್ಧ ತಪ್ಪು ತೋರಿಸುತ್ತದೆ, ಅಂದರೆ 6 ಸೆಂಟಿಮೀಟರ್. ದಾರಿಯುದ್ದಕ್ಕೂ ಒಂದೇ ಸಮ ತಿರುಗುತ್ತಾ ಬಂದ ರೋಬೋಟ್ ಕಮಾನಿನಂತೆ ಬಾಗುತ್ತದೆ. ಅದರ ತಪ್ಪು ದೂರದ ವರ್ಗದಷ್ಟು ಬೆಳೆಯುವುದರಿಂದ ಅರ್ಧ ದಾರಿಯಲ್ಲಿ ಕಾಲು ಭಾಗವಷ್ಟೇ, ಅಂದರೆ 3 ಸೆಂಟಿಮೀಟರ್. ನಮ್ಮ ರೋಬೋಟ್ ಅರ್ಧ ದಾರಿಯಲ್ಲಿ 3 ಸೆಂಟಿಮೀಟರ್ ತೋರಿಸಿತು. ಹೊರಡುವುದು ಸರಿಯಿತ್ತು, ದಾರಿಯಲ್ಲಿ ಬಾಗುತ್ತಿತ್ತು.

ಅದೇ ದೂರ, ಬೇರೆ ವೇಗ

ಇಡೀ ಹುಡುಕಾಟದಲ್ಲಿ ಅತಿ ಹೆಚ್ಚು ಹೇಳಿದ್ದು ಈ ಪರೀಕ್ಷೆ. ಇದಕ್ಕೆ ಗಡಿಯಾರ ಮತ್ತು ಅಳತೆ ಟೇಪಿನ ಹೊರತು ಏನೂ ಬೇಡ. ಅದೇ 3 ಮೀಟರನ್ನು ಎರಡು ವೇಗದಲ್ಲಿ ಓಡಿಸಬೇಕು, ಪ್ರತಿ ವೇಗದಲ್ಲೂ ಮೂರು ಸಲ.

ಚಕ್ರಗಳ ವ್ಯಾಸದಲ್ಲಿ ವ್ಯತ್ಯಾಸವಿದ್ದರೆ ತಪ್ಪು ಕ್ರಮಿಸಿದ ದೂರಕ್ಕೆ ಅಂಟಿಕೊಂಡಿರುತ್ತದೆ. ನಿಧಾನವಾಗಿ ಹೋದರೂ ಜೋರಾಗಿ ಹೋದರೂ ರೋಬೋಟ್ ಬಂದು ನಿಲ್ಲುವುದು ಅದೇ ಜಾಗದಲ್ಲಿ. ಗೈರೋ ಬಯಾಸ್, ಅಂದರೆ ನಿಂತಿರುವಾಗಲೂ ತಿರುವು ತೋರಿಸುವ ಸೊನ್ನೆಯ ತಪ್ಪು, ಇದ್ದರೆ ರೋಬೋಟಿನ ತಪ್ಪು ಕಾಲಕ್ಕೆ ಅಂಟಿಕೊಂಡಿರುತ್ತದೆ. ವೇಗ ಅರ್ಧಕ್ಕಿಳಿಸಿದರೆ ದಾರಿಯಲ್ಲಿ ಕಳೆಯುವ ಹೊತ್ತು ಇಮ್ಮಡಿ, ತಪ್ಪೂ ಇಮ್ಮಡಿ. ಎನ್‌ಕೋಡರ್ ಎಣಿಕೆ ತಪ್ಪುತ್ತಿದ್ದರೆ ಮೂರು ಓಟ ಮೂರು ಕಡೆ ನಿಲ್ಲುತ್ತವೆ, ಸಾಮಾನ್ಯವಾಗಿ ವೇಗ ಏರಿದಂತೆ ಚದುರುವಿಕೆಯೂ ಏರುತ್ತದೆ. ಮೊದಲೆರಡು ದೋಷ ಇರುವ ರೋಬೋಟ್ ತಪ್ಪನ್ನೇ ನಿಷ್ಠೆಯಿಂದ ಮಾಡುತ್ತದೆ. ಮೂರನೆಯದರಲ್ಲಿ ಆ ನಿಷ್ಠೆ ಇರುವುದಿಲ್ಲ.

ಲೆಕ್ಕ ಬೇಕೆನ್ನುವವರಿಗೆ ಎರಡು ಸೂತ್ರ. ಇಲ್ಲಿ `y` ಪಕ್ಕಕ್ಕೆ ಸರಿದ ದೂರ, `L` ಕ್ರಮಿಸಿದ ದೂರ, `b` ಚಕ್ರಗಳ ಅಂತರ, `e` ವ್ಯಾಸಗಳ ವ್ಯತ್ಯಾಸದ ಅನುಪಾತ, `w` ಸೆಕೆಂಡಿಗೆ ರೇಡಿಯನ್‌ನಲ್ಲಿ ಗೈರೋ ಬಯಾಸ್, `T` ಓಟದ ಅವಧಿ.

```
y = e * L * L / (2 * b)     // ಚಕ್ರದ ವ್ಯಾಸ
y = w * L * T / 2           // ಗೈರೋ ಬಯಾಸ್
```

ಸೆಕೆಂಡಿಗೆ 0.3 ಮೀಟರ್ ವೇಗದಲ್ಲಿ, ಅಂದರೆ 10 ಸೆಕೆಂಡಿನ ಓಟದಲ್ಲಿ, ನಮ್ಮ ರೋಬೋಟ್ 12 ಸೆಂಟಿಮೀಟರ್ ಎಡಕ್ಕೆ ಹೋಯಿತು. 0.15 ಮೀಟರ್ ವೇಗದಲ್ಲಿ, 20 ಸೆಕೆಂಡಿನ ಓಟದಲ್ಲಿ, 25 ಸೆಂಟಿಮೀಟರ್ ಹೋಯಿತು. ಮೂರೂ ಓಟ ಒಂದರ ಪಕ್ಕ ಒಂದರಂತೆ ನಿಂತವು. ತಪ್ಪು ಹೊತ್ತಿನ ಜೊತೆ ಬೆಳೆಯುತ್ತಿತ್ತು. ಎರಡನೆಯ ಸೂತ್ರವನ್ನು ತಿರುಗಿಸಿ ಲೆಕ್ಕ ಹಾಕಿದರೆ ಗೈರೋದಲ್ಲಿ ಸೆಕೆಂಡಿಗೆ ಸುಮಾರು ಅರ್ಧ ಡಿಗ್ರಿ ಬಯಾಸ್ ಇರಬೇಕು.

ಗೈರೋ: ಖಾಲಿ ತಕ್ಕಡಿಯ ತೂಕ

ತಕ್ಕಡಿಯಲ್ಲಿ ಏನೂ ಇಡದಿದ್ದರೂ ಮುಳ್ಳು 20 ಗ್ರಾಂ ತೋರಿಸಿದರೆ ಅಂಗಡಿಯವನು ಮೊದಲು ಅದನ್ನು ಕಳೆಯಬೇಕು. ಗೈರೋ ಬಯಾಸ್ ಅಂಥದ್ದೇ. ಅಲುಗಾಡದೆ ಕೂತಿರುವಾಗಲೂ ಅದು ತಿರುಗುತ್ತಿದ್ದೇನೆ ಎನ್ನುತ್ತದೆ. ಎಂಪಿಯು-6050ರ ವಿವರಪತ್ರದ ಪ್ರಕಾರ ಈ ಸೊನ್ನೆಯ ತಪ್ಪು ಸೆಕೆಂಡಿಗೆ ±20 ಡಿಗ್ರಿಯವರೆಗೂ ಇರಬಹುದು. ಅದು ಚಿಪ್ಪಿನ ದೋಷವಲ್ಲ. ಚಾಲೂ ಮಾಡಿದಾಗಲೆಲ್ಲ ಅಳೆದು ಕಳೆಯಬೇಕೆಂಬ ಒಪ್ಪಂದದ ಮೇಲೆಯೇ ಅದನ್ನು ಮಾರುತ್ತಾರೆ.

ನೋಡುವ ಬಗೆ ಸರಳ. ರೋಬೋಟನ್ನು ಮೇಜಿನ ಮೇಲಿಟ್ಟು, ಕೈ ತೆಗೆದು, ಅದು ಲೆಕ್ಕ ಹಾಕುವ ದಿಕ್ಕನ್ನು 60 ಸೆಕೆಂಡು ಪರದೆಯ ಮೇಲೆ ನೋಡುತ್ತಾ ಕೂರಬೇಕು. ನಮ್ಮದು ಕೂತಲ್ಲೇ ಒಂದು ನಿಮಿಷದಲ್ಲಿ −30 ಡಿಗ್ರಿ ತೋರಿಸಿತು. ಸೆಕೆಂಡಿಗೆ −0.5 ಡಿಗ್ರಿ. ನೆಲದ ಮೇಲೆ ಅಳೆದದ್ದೂ ಮೇಜಿನ ಮೇಲೆ ಅಳೆದದ್ದೂ ಕೂಡಿಬಂದವು.

ಇಲ್ಲಿ ದಿಕ್ಕು ಗಮನಿಸಬೇಕು. ಈ ಕೋಡಿನಲ್ಲಿ ಎಡ ತಿರುವು ಧನ, ಬಲ ತಿರುವು ಋಣ. ಗೈರೋ "ನಾನು ಬಲಕ್ಕೆ ತಿರುಗುತ್ತಿದ್ದೇನೆ" ಎಂದು ಸುಳ್ಳು ಹೇಳುತ್ತಿತ್ತು. ಕೋಡು ಅದನ್ನು ನಂಬಿ ರೋಬೋಟನ್ನು ಎಡಕ್ಕೆ ತಿರುಗಿಸುತ್ತಿತ್ತು. ಆದ್ದರಿಂದ ಪರದೆಯ ಮೇಲೆ ಸರಿಯುವ ದಿಕ್ಕು ಮತ್ತು ನೆಲದ ಮೇಲೆ ಸರಿಯುವ ದಿಕ್ಕು ಒಂದಕ್ಕೊಂದು ವಿರುದ್ಧವಾಗಿರುತ್ತವೆ. ಹುಡುಗರು ಗೈರೋ ಉಲ್ಟಾ ಕೂತಿದೆ ಎಂದುಕೊಂಡದ್ದು ಇದನ್ನು ನೋಡಿಯೇ.

ಹಾಗಾದರೆ ಬಯಾಸ್ ಕಳೆಯುವ ಭಾಗ ಕೋಡಿನಲ್ಲಿ ಇರಲಿಲ್ಲವೇ? ಇತ್ತು. ಚಾಲೂ ಆದ ತಕ್ಷಣ ಒಂದು ಸೆಕೆಂಡು ಸರಾಸರಿ ತೆಗೆಯುತ್ತಿತ್ತು. ಕೋಡನ್ನು ಎರಡು ಸಲ ಓದಿದರೂ ನನಗೆ ತಪ್ಪು ಕಾಣಲಿಲ್ಲ. ಆಮೇಲೆ ಒಬ್ಬಳು ರೋಬೋಟನ್ನು ಚಾಲೂ ಮಾಡುವುದನ್ನು ಪಕ್ಕದಲ್ಲಿ ಬಗ್ಗಿ ನೋಡಿದೆ. ಸ್ವಿಚ್ಚು ಬಲಗಡೆಯ ಹಿಂಬದಿಯ ಮೂಲೆಯಲ್ಲಿತ್ತು, ಸ್ವಲ್ಪ ಗಟ್ಟಿ. ಹೆಬ್ಬೆರಳಿನಿಂದ ಅದನ್ನು ಮುಂದಕ್ಕೆ ಒತ್ತಿದಾಗ ರೋಬೋಟಿನ ಮೂತಿ ಕೂದಲೆಳೆಯಷ್ಟು ಎಡಕ್ಕೆ ಜರುಗಿತು. ಸರಾಸರಿ ತೆಗೆಯುವ ಆ ಒಂದು ಸೆಕೆಂಡಿನಲ್ಲಿ ಅರ್ಧ ಡಿಗ್ರಿ ಜರುಗಿದರೆ ಸಾಕು, ಸೆಕೆಂಡಿಗೆ ಅರ್ಧ ಡಿಗ್ರಿ ಸುಳ್ಳು ಬಯಾಸ್ ದಾಖಲಾಗುತ್ತದೆ, ಆಮೇಲೆ ಓಟದುದ್ದಕ್ಕೂ ಅದನ್ನು ಕಳೆಯುತ್ತಲೇ ಇರುತ್ತದೆ. ಎಲ್ಲರೂ ಅದೇ ಮೂಲೆಯಿಂದ ಅದೇ ರೀತಿ ಒತ್ತುತ್ತಿದ್ದರಿಂದ ತಪ್ಪೂ ಯಾವಾಗಲೂ ಅದೇ ಕಡೆಗಿತ್ತು.

ಪರಿಹಾರ ಎರಡು ಸಾಲಿನದು: ಸ್ವಿಚ್ಚು ಒತ್ತಿದ ಮೇಲೆ 3 ಸೆಕೆಂಡು ಸುಮ್ಮನೆ ಕಾಯುವುದು, ಸರಾಸರಿ ತೆಗೆಯುವಾಗ ರೋಬೋಟ್ ಅಲುಗಾಡಿದರೆ ಆ ಸರಾಸರಿಯನ್ನು ತಿರಸ್ಕರಿಸುವುದು.

```cpp
bool findBias() {
  long sum = 0;
  int lo = 32767, hi = -32768;
  for (int i = 0; i < 1000; i++) {
    int g = readGyroZ();
    sum += g;
    lo = min(lo, g);
    hi = max(hi, g);
    delay(2);
  }
  if (hi - lo > 100) return false;
  bias = sum / 1000.0;
  return true;
}
```

±250 ಡಿಗ್ರಿಯ ವ್ಯಾಪ್ತಿಯಲ್ಲಿ ಈ ಚಿಪ್ಪಿನ 131 ಅಂಕ ಸೆಕೆಂಡಿಗೆ ಒಂದು ಡಿಗ್ರಿಗೆ ಸಮ. ಹಾಗಾಗಿ ಇಲ್ಲಿ 100 ಎಂದರೆ ಮುಕ್ಕಾಲು ಡಿಗ್ರಿ. ಆ ಮಿತಿಯನ್ನು ಕಣ್ಣು ಮುಚ್ಚಿ ನಕಲು ಮಾಡಬೇಡಿ. ನಿಮ್ಮ ಸೆನ್ಸರ್ ಕಲ್ಲಿನಂತೆ ಕೂತಿರುವಾಗ ಕನಿಷ್ಠ ಮತ್ತು ಗರಿಷ್ಠದ ನಡುವೆ ಎಷ್ಟು ಅಂತರ ತೋರಿಸುತ್ತದೆಯೋ ಅದಕ್ಕಿಂತ ಸ್ವಲ್ಪ ಮೇಲಿಡಿ. ಇದಾದ ಮೇಲೆ ಮೇಜಿನ ಪರೀಕ್ಷೆಯಲ್ಲಿ ಒಂದು ನಿಮಿಷಕ್ಕೆ ಅರ್ಧ ಡಿಗ್ರಿ ಸರಿಯಿತು. ಹತ್ತು ನಿಮಿಷ ಓಡಿಸಿ ಚಿಪ್ಪು ಬಿಸಿಯಾದ ಮೇಲೆ ಮತ್ತೆ ನೋಡಬೇಕು, ಏಕೆಂದರೆ ಬಯಾಸ್ ಶಾಖದ ಜೊತೆ ಬದಲಾಗುತ್ತದೆ. ಬದಲಾಗಿದ್ದರೆ ಪ್ರತಿ ಓಟದ ಮೊದಲು, ರೋಬೋಟ್ ನಿಂತಿರುವಾಗ, ಹೊಸದಾಗಿ ಅಳೆಯುವುದೇ ಸರಿಯಾದ ದಾರಿ.

ಬಯಾಸ್ ಜೊತೆ ಗೊಂದಲ ಮಾಡಿಕೊಳ್ಳುವ ಇನ್ನೊಂದು ತಪ್ಪಿದೆ, ಅದು ಅಳತೆಗೋಲಿನ ತಪ್ಪು. ವಿವರಪತ್ರ ±3 ಶೇಕಡಾ ಎನ್ನುತ್ತದೆ. ಅದು ನಿಂತಾಗ ಕಾಣುವುದಿಲ್ಲ, ನೆಟ್ಟಗೆ ಹೋಗುವಾಗಲೂ ಕಾಣುವುದಿಲ್ಲ, ತಿರುಗಿದಾಗ ಮಾತ್ರ ಕಾಣುತ್ತದೆ. ರೋಬೋಟನ್ನು ಗೋಡೆಗೆ ತಾಗಿಸಿ ಹೊರಟು ಕೈಯಿಂದ ಹತ್ತು ಸುತ್ತು ತಿರುಗಿಸಿ ಮತ್ತೆ ಗೋಡೆಗೆ ತಾಗಿಸಿದರೆ 3600 ಡಿಗ್ರಿ ಬರಬೇಕು. ಎಷ್ಟು ಬಂತೋ ಅದರಿಂದ ಭಾಗಿಸಿದರೆ ಗುಣಕ ಸಿಗುತ್ತದೆ.

ಗೈರೋ ಮುಚ್ಚಿಟ್ಟ ಚಕ್ರ

ಬಯಾಸ್ ಸರಿಯಾದ ಮೇಲೆ ರೋಬೋಟ್ 3 ಮೀಟರಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಬಲಕ್ಕೆ ಹೋಗಿ ನಿಂತಿತು. ಹುಡುಗರಿಗೆ ಅಷ್ಟು ಸಾಕಾಗಿತ್ತು. ನನಗೆ ಆ ಸೆಂಟಿಮೀಟರ್ ಕೊರೆಯಿತು. ಪ್ರತಿ ಸಲವೂ ಬಲಕ್ಕೇ ಏಕೆ? ಗೈರೋ ತಿದ್ದುಪಡಿ ತಪ್ಪಿಗೆ ಅನುಪಾತದಲ್ಲಷ್ಟೇ ಕೆಲಸ ಮಾಡುತ್ತಿತ್ತು. ಹಾಗೆ ಮಾಡುವ ನಿಯಂತ್ರಣಕ್ಕೆ ಸದಾ ಒಂದೇ ಕಡೆ ಎಳೆಯುವ ಬಲವನ್ನು ತಡೆಯಲು ಒಂದಿಷ್ಟು ತಪ್ಪು ಉಳಿದೇ ಇರಬೇಕು. ಅಂದರೆ ಯಾವುದೋ ಒಂದು ರೋಬೋಟನ್ನು ಬಲಕ್ಕೆ ಎಳೆಯುತ್ತಲೇ ಇದೆ, ಗೈರೋ ಅದನ್ನು ಹಿಡಿದು ನಿಲ್ಲಿಸುತ್ತಿದೆ.

ಗೈರೋ ತಿದ್ದುಪಡಿಯನ್ನು ಕೋಡಿನಲ್ಲಿ ಆಫ್ ಮಾಡಿ ಓಡಿಸಿದೆವು. 0.3 ಮೀಟರ್ ವೇಗದಲ್ಲಿ 12 ಸೆಂಟಿಮೀಟರ್ ಬಲಕ್ಕೆ. 0.15 ಮೀಟರ್ ವೇಗದಲ್ಲೂ 12 ಸೆಂಟಿಮೀಟರ್ ಬಲಕ್ಕೆ. ವೇಗಕ್ಕೆ ಬಗ್ಗದ ತಪ್ಪು, ಆದ್ದರಿಂದ ಚಕ್ರದ ವ್ಯಾಸ. ಮೊದಲನೆಯ ಸೂತ್ರಕ್ಕೆ ಹಾಕಿದರೆ ವ್ಯತ್ಯಾಸ 0.4 ಶೇಕಡಾ. 65 ಮಿಲಿಮೀಟರ್ ಚಕ್ರದಲ್ಲಿ ಅದು 0.26 ಮಿಲಿಮೀಟರ್.

ಎತ್ತಿನ ಗಾಡಿಯ ಒಂದು ಚಕ್ರ ಇನ್ನೊಂದಕ್ಕಿಂತ ಸವೆದಿದ್ದರೂ ಗಾಡಿ ನೆಟ್ಟಗೇ ಹೋಗುತ್ತದೆ. ಅಲ್ಲಿ ಎರಡೂ ಚಕ್ರ ತಮ್ಮ ಪಾಡಿಗೆ ಉರುಳುತ್ತವೆ, ಸಣ್ಣದು ಒಂದಿಷ್ಟು ಹೆಚ್ಚು ಸುತ್ತುತ್ತದೆ. ರೋಬೋಟಿನಲ್ಲಿ ಕೋಡು ಎರಡಕ್ಕೂ ಸಮ ಸುತ್ತು ಹಾಕಿಸುತ್ತದೆ. ದೊಡ್ಡ ಚಕ್ರ ಪ್ರತಿ ಸುತ್ತಿಗೂ ಸ್ವಲ್ಪ ಮುಂದೆ ಹೋಗುತ್ತದೆ, ರೋಬೋಟ್ ಸಣ್ಣ ಚಕ್ರದ ಕಡೆ ಬಾಗುತ್ತದೆ. ಬಲಕ್ಕೆ ಬಾಗುತ್ತಿದೆ ಎಂದರೆ ಎಡಚಕ್ರ ದೊಡ್ಡದು.

ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದಾಗ ಎರಡೂ ಚಕ್ರ ಒಂದೇ ಬಂದವು. ಇಲ್ಲಿ ಅನೇಕರು ದಾರಿ ತಪ್ಪುತ್ತಾರೆ. ಕ್ಯಾಲಿಪರ್ ಅಳೆಯುವುದು ಗಾಳಿಯಲ್ಲಿರುವ ಟೈರನ್ನು. ನೆಲದ ಮೇಲೆ ಉರುಳುವುದು ಭಾರ ಹೊತ್ತು ಅದುಮಿದ ಟೈರು. ರಬ್ಬರನ್ನು ಕ್ಯಾಲಿಪರಿನ ದವಡೆ ಎಷ್ಟು ಒತ್ತಿತು ಎನ್ನುವುದರಲ್ಲೇ ಕಾಲು ಮಿಲಿಮೀಟರ್ ಹೋಗಿಬಿಡುತ್ತದೆ.

ಆದ್ದರಿಂದ ವ್ಯಾಸವನ್ನೇ ಅಳೆಯುವುದು ಬೇಡ. ರೋಬೋಟಿಗೆ ನಿಜವಾಗಿ ಬೇಕಾಗಿರುವುದು ಒಂದೇ ಸಂಖ್ಯೆ: ಒಂದು ಎಣಿಕೆಗೆ ಎಷ್ಟು ಮಿಲಿಮೀಟರ್. ಅದನ್ನು ನೆಲದಿಂದಲೇ ಕೇಳಬಹುದು. ಗೋಡೆಗೆ ಸಮನಾಗಿ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಮೋಟಾರಿಗೆ ವಿದ್ಯುತ್ ಕೊಡದೆ, ರೋಬೋಟಿನ ಪೂರ್ತಿ ಭಾರ ಅದರ ಚಕ್ರಗಳ ಮೇಲೇ ಇರುವಂತೆ, ಪಟ್ಟಿಗೆ ಒರಗಿಸಿಕೊಂಡು ರೋಬೋಟನ್ನು ಕೈಯಿಂದ 3 ಮೀಟರ್ ಮುಂದಕ್ಕೆ ತಳ್ಳಿದೆವು. ಪಟ್ಟಿ ಹಿಡಿದಿರುವುದರಿಂದ ಎರಡೂ ಚಕ್ರ ಕ್ರಮಿಸಿದ ದೂರ ಒಂದೇ. ಎಡಗಡೆ 5484 ಎಣಿಕೆ, ಬಲಗಡೆ 5506. ಸಣ್ಣ ಚಕ್ರ 22 ಎಣಿಕೆ ಹೆಚ್ಚು ಸುತ್ತಿತ್ತು. 22ನ್ನು 5500ರಿಂದ ಭಾಗಿಸಿದರೆ 0.4 ಶೇಕಡಾ. ನೆಲದ ಮೇಲಿನ ಕಮಾನು ಹೇಳಿದ್ದೂ ಅದನ್ನೇ.

ಈ ಪರೀಕ್ಷೆಯಲ್ಲಿ ಎರಡು ಎಚ್ಚರಿಕೆ. ಒಂದೇ ಚಾನೆಲ್ ಎಣಿಸುವ ಕೋಡಿಗೆ ಹಿಂದೆ ಮುಂದೆ ಗೊತ್ತಾಗುವುದಿಲ್ಲ, ಆದ್ದರಿಂದ ತಳ್ಳುವಾಗ ಒಮ್ಮೆಯೂ ಹಿಂದಕ್ಕೆ ಜಾರಬಾರದು. ಹಾಗೆಯೇ 1:34 ಗೇರನ್ನು ಹೊರಗಿನಿಂದ ತಿರುಗಿಸಬಹುದು, 1:300ರ ಹತ್ತಿರದ ಪುಟ್ಟ ಗೇರುಪೆಟ್ಟಿಗೆಯನ್ನು ಹಾಗೆ ತಳ್ಳಿದರೆ ಹಲ್ಲು ಮುರಿಯುತ್ತದೆ. ಅಂಥದ್ದಾದರೆ ಮೋಟಾರಿನಿಂದಲೇ ನಿಧಾನವಾಗಿ, ಪಟ್ಟಿಗೆ ಒರಗಿಸಿ ಓಡಿಸಿ.

ಬಲಚಕ್ರ ಸಣ್ಣದಾದದ್ದು ಏಕೆ ಎಂದು ನೋಡಿದರೆ ಬ್ಯಾಟರಿ ಬಲಗಡೆಗೆ ಕೂತಿತ್ತು. ಗೈರೋ ಹಲಗೆಗೆ ಜಾಗ ಮಾಡಿದಾಗ ಇನ್ನಷ್ಟು ಬಲಕ್ಕೆ ಸರಿದಿರಬಹುದು. ಬಲಗಡೆಯ ಟೈರು ಹೆಚ್ಚು ಅದುಮಿಹೋಗಿತ್ತು. ಬ್ಯಾಟರಿಯನ್ನು ನಡುವಿಗೆ ತಂದು ಕಟ್ಟಿ ಮತ್ತೆ ತಳ್ಳಿದಾಗ 5490 ಮತ್ತು 5499 ಬಂತು. 22 ಇದ್ದದ್ದು 9ಕ್ಕಿಳಿಯಿತು. ಉಳಿದ 9 ಟೈರಿನದೇ ವ್ಯತ್ಯಾಸ. ಅದನ್ನು ಕೋಡಿಗೆ ಕೊಟ್ಟೆವು: 3000ವನ್ನು 5490ರಿಂದ ಭಾಗಿಸಿದರೆ ಎಡಕ್ಕೆ 0.5464 ಮಿಲಿಮೀಟರ್, 5499ರಿಂದ ಭಾಗಿಸಿದರೆ ಬಲಕ್ಕೆ 0.5456. ಇನ್ನು ಮೇಲೆ ಕೋಡು ಎಣಿಕೆಯನ್ನಲ್ಲ, ಮಿಲಿಮೀಟರನ್ನು ಸಮವಾಗಿಡುತ್ತದೆ.

"ಆದರೆ ಗೈರೋ ಇಲ್ಲದಿದ್ದಾಗಲೂ 2 ಮೀಟರಿನ ಚೌಕವನ್ನು ಸರಿಯಾಗಿ ಸುತ್ತಿ ಬರುತ್ತಿತ್ತಲ್ಲ ಸರ್, ಅದಕ್ಕೇ ಚಕ್ರ ಸರಿಯಿದೆ ಅಂದುಕೊಂಡೆವು" ಎಂದ ಒಬ್ಬ. ಈ ಮಾತಿಗೆ ನಿಂತು ಉತ್ತರ ಕೊಡಬೇಕಾಯಿತು. ಅವರು ಚೌಕವನ್ನು ಪ್ರದಕ್ಷಿಣೆಯಾಗಿ ಮಾತ್ರ ಸುತ್ತಿಸಿದ್ದರು. ಕೋಡಿನಲ್ಲಿ ಚಕ್ರಗಳ ಅಂತರ 150ರ ಬದಲು 145 ಎಂದಿತ್ತು. ಅದರಿಂದ 90 ಡಿಗ್ರಿ ತಿರುಗಬೇಕಾದ ಕಡೆ 87 ಡಿಗ್ರಿಯಷ್ಟೇ ತಿರುಗುತ್ತಿತ್ತು. ಅತ್ತ 2 ಮೀಟರಿನ ಪ್ರತಿ ಬದಿಯಲ್ಲೂ ವ್ಯಾಸದ ತಪ್ಪಿನಿಂದ 3 ಡಿಗ್ರಿ ಬಲಕ್ಕೆ ಬಾಗುತ್ತಿತ್ತು. ಬಲಕ್ಕೆ ತಿರುಗುವಾಗ 87ಕ್ಕೆ 3 ಸೇರಿ 90. ಎರಡು ತಪ್ಪು ಕೈಕೈ ಹಿಡಿದು ಒಂದು ಚಂದದ ಚೌಕ ಬರೆಯುತ್ತಿದ್ದವು. ಅದೇ ಚೌಕವನ್ನು ಎಡಕ್ಕೆ ಸುತ್ತಿಸಿದರೆ 87ರಿಂದ 3 ಕಳೆದು ಮೂಲೆಗೆ 84 ಡಿಗ್ರಿ, ನಾಲ್ಕು ಮೂಲೆಗೆ 24 ಡಿಗ್ರಿ ತಪ್ಪು. ಮಿಷಿಗನ್ ವಿಶ್ವವಿದ್ಯಾಲಯದ ಬೊರೆನ್‌ಸ್ಟೈನ್ ಮತ್ತು ಫೆಂಗ್ 1990ರ ದಶಕದಲ್ಲಿ ರೂಪಿಸಿದ ಯುಎಂಬಿಮಾರ್ಕ್ ಪರೀಕ್ಷೆಯಲ್ಲಿ 4 ಮೀಟರಿನ ಚೌಕವನ್ನು ಎರಡೂ ದಿಕ್ಕಿನಲ್ಲಿ ಐದೈದು ಸಲ ಸುತ್ತಿಸುವುದು ಈ ಕಾರಣಕ್ಕೇ. ಒಂದು ದಿಕ್ಕಿನಲ್ಲಿ ಅಡಗಿದ ತಪ್ಪು ಇನ್ನೊಂದು ದಿಕ್ಕಿನಲ್ಲಿ ಇಮ್ಮಡಿಯಾಗಿ ಹೊರಬರುತ್ತದೆ.

ಚದುರುವ ಎಣಿಕೆ

ಚಕ್ರದ ಸಂಖ್ಯೆ ಸರಿಪಡಿಸಿ, ಗೈರೋ ಆಫ್ ಮಾಡಿಯೇ, ಈಗ ಸೆಕೆಂಡಿಗೆ 0.6 ಮೀಟರ್ ವೇಗದಲ್ಲಿ ಓಡಿಸಿದೆವು. ಮೂರು ಓಟದಲ್ಲಿ 3, 9, 5 ಸೆಂಟಿಮೀಟರ್ ಎಡಕ್ಕೆ. 0.3 ಮೀಟರ್ ವೇಗದಲ್ಲಿ ಹೀಗಿರಲಿಲ್ಲ. ಒಂದೇ ಕಡೆಗೆ, ಆದರೆ ಪ್ರತಿ ಸಲ ಬೇರೆ ಅಳತೆ: ಎನ್‌ಕೋಡರ್ ಕಡೆ ನೋಡಬೇಕಾದ ಹೊತ್ತು.

ಎಣಿಕೆಯ ತಪ್ಪು ಎರಡೂ ಕಡೆ ಸಮವಾಗಿದ್ದರೆ ರೋಬೋಟ್ ಬಾಗುವುದಿಲ್ಲ, ದೂರ ಮಾತ್ರ ತಪ್ಪುತ್ತದೆ. 374ರ ಬದಲು 748 ಎಂದು ಬರೆದರೆ ಅದು 3 ಮೀಟರಿನ ಬದಲು 6 ಮೀಟರ್ ಹೋಗುತ್ತದೆ, ಆದರೆ ನೆಟ್ಟಗೇ ಹೋಗುತ್ತದೆ. ಬಾಗುವುದಕ್ಕೆ ಒಂದೇ ಕಡೆಯ ತಪ್ಪು ಬೇಕು. ಎಡಕ್ಕೆ ಬಾಗುತ್ತಿದೆ ಎಂದರೆ ಎಡಚಕ್ರ ಕಡಿಮೆ ಉರುಳುತ್ತಿದೆ. ಎಡಗಡೆಯ ಎಣಿಕೆ ಸುಳ್ಳಾಗಿ ಹೆಚ್ಚಿದೆ, ಇಲ್ಲವೇ ಬಲಗಡೆಯದು ಕಳೆದುಹೋಗುತ್ತಿದೆ.

ಚಕ್ರದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಅದರ ಎದುರು ಚಾಸಿಯ ಮೇಲೆ ಇನ್ನೊಂದು. ಮೊದಲು ಕೈಯಿಂದ ಹತ್ತು ಸುತ್ತು. ಎರಡೂ ಕಡೆ 3740, ಒಮ್ಮೆ 3741. ಸರಿ. ಆಮೇಲೆ ರೋಬೋಟನ್ನು ಎರಡು ಇಟ್ಟಿಗೆಯ ಮೇಲೆ ಎತ್ತಿಟ್ಟು, ಮೋಟಾರಿನಿಂದ ಹತ್ತು ಸುತ್ತು, ಗೆರೆಗೆ ಗೆರೆ ಕೂಡುವವರೆಗೆ. ಆಗಲೂ 3740ರ ಆಸುಪಾಸೇ. ಇಲ್ಲಿಗೆ ನಿಲ್ಲಿಸಿದ್ದರೆ ಎನ್‌ಕೋಡರ್ ನಿರ್ದೋಷಿ ಎಂದು ಬಿಟ್ಟುಬಿಡುತ್ತಿದ್ದೆವು. ಆದರೆ ಗಾಳಿಯಲ್ಲಿ ತಿರುಗುವ ಮೋಟಾರಿಗೆ ಕರೆಂಟು ಕಡಿಮೆ ಸಾಕು. ಒಂದು ಬೆರಳನ್ನು ಟೈರಿಗೆ ಮೆತ್ತಗೆ ಒತ್ತಿ, ನೆಲದ ಭಾರದಷ್ಟು ತಡೆ ಕೊಟ್ಟು, ಪೂರ್ಣ ವೇಗದಲ್ಲಿ ತಿರುಗಿಸಿದಾಗ ಎಡಗಡೆ 3744, 3751, 3746. ಬಲಗಡೆ 3740, 3740, 3741. ಹತ್ತು ಸುತ್ತಿಗೆ ನಾಲ್ಕರಿಂದ ಹನ್ನೊಂದು ಎಣಿಕೆ ಎಲ್ಲಿಂದಲೋ ಹುಟ್ಟುತ್ತಿದ್ದವು. 3 ಮೀಟರಿಗೆ ಲೆಕ್ಕ ಹಾಕಿದರೆ ನೆಲದ ಮೇಲೆ ಕಂಡ 3ರಿಂದ 9 ಸೆಂಟಿಮೀಟರಿಗೆ ಅದು ಸರಿಹೋಗುತ್ತದೆ.

ಎಡಗಡೆಯ ಎನ್‌ಕೋಡರ್ ತಂತಿಯನ್ನು ಮೋಟಾರಿನ ತಂತಿಯ ಜೊತೆ ಸೇರಿಸಿ, ಅಚ್ಚುಕಟ್ಟಾಗಿ, ಮೂರು ಕಡೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದಿದ್ದರು. ಬಲಗಡೆಯದು ಬೇರೆ ದಾರಿಯಲ್ಲಿ ಸಡಿಲವಾಗಿ ಬಂದಿತ್ತು. ಮೋಟಾರಿನ ಕರೆಂಟು ಏರಿದಾಗ ಪಕ್ಕದ ತಂತಿಯಲ್ಲಿ ಮೊಳೆಯಂಥ ಸಣ್ಣ ಸಂಕೇತಗಳು ಏಳುತ್ತಿದ್ದವು. ಏರುವ ಅಂಚನ್ನಷ್ಟೇ ನೋಡುವ ಕೋಡು ಅವನ್ನೂ ಎಣಿಸುತ್ತಿತ್ತು. ಆ ಕೋಡು ಕೂಡುವುದನ್ನಷ್ಟೇ ಬಲ್ಲದು, ಆದ್ದರಿಂದ ಸುಳ್ಳು ಎಣಿಕೆ ಸೇರುತ್ತಲೇ ಹೋಗುತ್ತದೆ.

ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ ತಂತಿಗಳನ್ನು ಬೇರ್ಪಡಿಸಿದ ಮಾತ್ರಕ್ಕೆ ಹೆಚ್ಚುವರಿ ಎಣಿಕೆ ಒಂದೆರಡಕ್ಕಿಳಿಯಿತು. ಸಂಕೇತದ ಸಾಲನ್ನು ಮೇಲಿನ ವೋಲ್ಟೇಜಿಗೆ ಎಳೆದು ಹಿಡಿಯುವ, ಯುನೊದ ಒಳಗಿನ ಪುಲ್‌ಅಪ್ ರೋಧಕ 20ರಿಂದ 50 ಕಿಲೊ ಓಮ್ ಇರುತ್ತದೆ, ಇಂಥ ತಂತಿಗೆ ಅದು ಬಲಹೀನ. ಎನ್‌ಕೋಡರ್ ಸಾಲಿಗೆ ಹೊರಗಿನಿಂದ 4.7 ಕಿಲೊ ಓಮ್ ಪುಲ್‌ಅಪ್ ಹಾಕಿ, ಮೋಟಾರಿನ ಎರಡು ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸೆದ ಮೇಲೆ ಬೆರಳೊತ್ತಿದಾಗಲೂ 3740 ನಿಂತಿತು. ಎರಡನೆಯ ಚಾನೆಲ್ಲನ್ನೂ ಓದಿ ದಿಕ್ಕು ತಿಳಿದು ಎಣಿಸುವಂತೆ ಕೋಡನ್ನು ಬದಲಾಯಿಸುವ ಕೆಲಸವನ್ನು ಅವರಿಗೇ ಬಿಟ್ಟೆ. ರೋಬೋಟ್ ಹಿಂದಕ್ಕೆ ಹೋಗಬೇಕಾದ ದಿನ ಅದು ಬೇಕೇ ಬೇಕು.

ಸಂಜೆ ಗೈರೋ ಆಫ್ ಮಾಡಿ 0.6 ಮೀಟರ್ ವೇಗದಲ್ಲಿ ಹತ್ತು ಓಟ ಓಡಿಸಿದಾಗ ಎಲ್ಲವೂ ಒಂದೂವರೆ ಸೆಂಟಿಮೀಟರಿನ ಒಳಗೆ ನಿಂತವು. ಗೈರೋ ಸೇರಿಸಿದಾಗ ಒಂದು ಸೆಂಟಿಮೀಟರಿನ ಒಳಗೆ. ಉಳಿದದ್ದು ನೆಲದ್ದು: ಗೆರೆಯ 2 ಮೀಟರಿನ ಹತ್ತಿರ ಮೊಸಾಯಿಕ್ಕಿನ ಒಂದು ಹಲಗೆ ಸ್ವಲ್ಪ ಎದ್ದಿದೆ, ಅಲ್ಲಿ ಚಕ್ರ ಜಾರುವುದು ಕಣ್ಣಿಗೇ ಕಾಣುತ್ತದೆ. ಜಾರಿದ ಚಕ್ರದ ಎಣಿಕೆಯನ್ನು ಯಾವ ಸಂಖ್ಯೆಯೂ ಸರಿಪಡಿಸುವುದಿಲ್ಲ. ಅಲ್ಲಿ ಗೈರೋ ಒಂದೇ ಸಾಕ್ಷಿ. ಹುಡುಗಿಯೊಬ್ಬಳು ಚೀಟಿಯ ಮೇಲೆ 0.5464, 0.5456, 150 ಎಂದು ಬರೆದು, ಕೆಳಗೆ ಅಂದಿನ ತಾರೀಖು ಹಾಕಿ, ಬ್ಯಾಟರಿ ಕೂರುವ ಜಾಗಕ್ಕೆ ಪೆನ್ನಿನಿಂದ ಚೌಕ ಎಳೆದು, ಅದರ ಪಕ್ಕ ಚೀಟಿ ಅಂಟಿಸಿದಳು.